ಗೆಳತಿಗೆ ಬರೆದ ತಪ್ಪೊಪ್ಪಿಗೆಯ ಪತ್ರ

ಹೋದ ಮಾಘ ಮಾಸದಲ್ಲಿ ನಮ್ಮ ಆಪ್ತ ಗೆಳತಿಯೊಬ್ಬಳ ಮಗಳ ಕುಬಸವಿತ್ತು. ನಾವು ಹೋಗಲಿಲ್ಲ. ಆ ತಪ್ಪಿಗಾಗಿ ಆಕೆಗೊಂದು ಪತ್ರ ಬರೆಯಲು ನಮಗೆ ಇಪ್ಪತ್ಮೂರು ದಿನಗಳು ಹಿಡಿದವು. ನಾಲ್ಕು ಸಲ ಬರೆದು ಮೂರು ಸಲ ಹರಿದೆವು. ಮೂವತ್ತೆರಡು ವರ್ಷ ಕನ್ನಡ ಶಾಲೆಯ ಮಕ್ಕಳಿಗೆ ಪತ್ರಲೇಖನ ಕಲಿಸಿದ ಕೈಗೆ ಒಂದು ಪತ್ರ ಇಷ್ಟು ಭಾರವಾದೀತೆಂದು ನಾವು ಎಣಿಸಿರಲಿಲ್ಲ. ಆ ಕಥೆಯನ್ನು ಗೆಳತಿಯ ಒಪ್ಪಿಗೆ ಪಡೆದೇ ಇಲ್ಲಿ ಹೇಳುತ್ತಿದ್ದೇವೆ. ಹೆಸರುಗಳನ್ನು ಮಾತ್ರ ಬಿಟ್ಟಿದ್ದೇವೆ.

ಆಕೆಯೂ ನಾವೂ ಧಾರವಾಡದಲ್ಲಿ ಶಿಕ್ಷಕಿಯರ ತರಬೇತಿಗೆ ಸೇರಿದಾಗ ಒಂದೇ ಕೋಣೆಯಲ್ಲಿದ್ದವರು. ಊರಿನಿಂದ ಬಂದ ಬುತ್ತಿಯನ್ನು ಒಂದೇ ತಾಟಿನಲ್ಲಿ ಉಂಡವರು. ಮುಂದೆ ಆಕೆ ಬೈಲಹೊಂಗಲದ ಕಡೆಗೆ ಸೊಸೆಯಾಗಿ ಹೋದಳು, ನಾವು ಧಾರವಾಡದಲ್ಲಿಯೇ ಉಳಿದೆವು. ನಮ್ಮ ಎರಡು ಹೆರಿಗೆಗಳಲ್ಲಿಯೂ, ನಮ್ಮ ಮಾವನವರು ಲಿಂಗೈಕ್ಯರಾದಾಗಲೂ, ಹೇಳಿ ಕಳಿಸುವ ಮೊದಲೇ ಬಂದು ಅಡಿಗೆಮನೆ ಹೊಕ್ಕವಳು ಆಕೆ. 2021ರಲ್ಲಿ ಆಕೆಯ ಯಜಮಾನರು ತೀರಿಕೊಂಡರು. ಆಗ ನಾವು ಹೋಗಿ ಹನ್ನೊಂದು ದಿನ ಆಕೆಯ ಬಳಿ ಇದ್ದೆವು. ಗೆಳೆತನದ ಲೆಕ್ಕ ಬರೆದಿಡುವಂಥದಲ್ಲ. ಬರೆದಿಟ್ಟಿದ್ದರೆ ನಮ್ಮ ಕಡೆಯೇ ಬಾಕಿ ಹೆಚ್ಚಿರುತ್ತಿತ್ತೆಂಬುದು ಮುಂದಿನ ಮಾತಿಗೆ ಬೇಕಾಗಿರುವುದರಿಂದ ಇಷ್ಟು ಹೇಳಿದೆವು.

ಕುಬಸದ ಪದ್ಧತಿ ನಮ್ಮ ಭಾಗದ ತಾಯಂದಿರಿಗೆ ಹೇಳಿಕೊಡಬೇಕಾದುದಲ್ಲ. ಬೇರೆ ಕಡೆಯ ಓದುಗರಿಗಾಗಿ ಎರಡು ಮಾತು. ಚೊಚ್ಚಲ ಬಸಿರಿಯನ್ನು ಹಸೆಯ ಮೇಲೆ ಕೂರಿಸಿ, ಹಸಿರು ಸೀರೆ ಉಡಿಸಿ, ಹಸಿರು ಬಳೆ ಇಡಿಸಿ, ಕುಬಸದ ಖಣ ಕೊಟ್ಟು ಉಡಿ ತುಂಬುತ್ತಾರೆ. ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಅರಿಶಿನ ಬೇರು, ಅಡಿಕೆ, ಎಲೆ, ಬೆಲ್ಲ ಇವು ಉಡಿಯ ಸಾಮಾನು. ತವರಿನವರು ಬುತ್ತಿ ಕಟ್ಟಿಕೊಂಡು ಬರುತ್ತಾರೆ. ಸಜ್ಜಿ ರೊಟ್ಟಿ, ಬದನೆಕಾಯಿ ಪಲ್ಯ, ಗುರೆಳ್ಳು ಚಟ್ನಿ, ಕರಿಗಡಬು, ಶೇಂಗಾ ಹೋಳಿಗೆ, ಚಿತ್ರಾನ್ನ, ಮೊಸರನ್ನ, ಹೀಗೆ ಯಾರ ಕೈಲಾದಷ್ಟು ಅವರು. ಉಡಿ ತುಂಬುವವರು ಐದು ಮಂದಿ, ಐವರೂ ಮುತ್ತೈದೆಯರಾಗಿರಬೇಕೆಂಬುದು ಬಹು ಮನೆಗಳ ರೂಢಿ. ಹೊತ್ತು ಹೆತ್ತ ತಾಯಿಯೇ ಆದರೂ ಗಂಡನನ್ನು ಕಳೆದುಕೊಂಡವಳಾಗಿದ್ದರೆ ಆ ಹೊತ್ತಿಗೆ ಅಡಿಗೆಮನೆಯಲ್ಲಿಯೋ ಪಡಸಾಲೆಯ ಕಂಬದ ಹಿಂದೆಯೋ ಉಳಿಯುತ್ತಾಳೆ. ಯಾರೂ ಆಕೆಗೆ ಹೋಗೆಂದು ಹೇಳುವುದಿಲ್ಲ, ಆಕೆಯೇ ಸರಿಯುತ್ತಾಳೆ.

ನಮ್ಮ ಗೆಳತಿ ಸರಿಯಬಾರದೆಂದು ನಿಶ್ಚಯಿಸಿದ್ದಳು. 2022ರ ಮೇ ತಿಂಗಳಿನಲ್ಲಿ ನೆರೆಯ ಕೊಲ್ಹಾಪುರ ಜಿಲ್ಲೆಯ ಹೇರವಾಡ ಗ್ರಾಮಸಭೆಯವರು, ಗಂಡ ಸತ್ತಾಗ ಹೆಂಡತಿಯ ಕುಂಕುಮ ಅಳಿಸುವ, ಬಳೆ ಒಡೆಯುವ, ತಾಳಿ ಕಾಲುಂಗುರ ತೆಗೆಯುವ ರೂಢಿಗಳನ್ನು ತಮ್ಮೂರಿನಲ್ಲಿ ನಿಲ್ಲಿಸಬೇಕೆಂದು ಠರಾವು ಮಾಡಿದ ಸುದ್ದಿ ಪತ್ರಿಕೆಗಳಲ್ಲಿ ಬಂದಿತ್ತು. ಆಕೆ ಅದನ್ನು ಕತ್ತರಿಸಿ ತನ್ನ ಇಷ್ಟಲಿಂಗ ಪೂಜೆಯ ಪುಸ್ತಕದೊಳಗೆ ಇಟ್ಟುಕೊಂಡಿದ್ದಳು. ಮಗಳಿಗೆ ಏಳು ತುಂಬುತ್ತ ಬಂದಾಗ ನಮ್ಮ ಮನೆಗೆ ಬಂದು, ಚಹಾ ಕುಡಿಯುವ ಮೊದಲೇ ಹೇಳಿದಳು: “ನನ್ನ ಮಗಳ ಉಡಿ ನಾನೇ ತುಂಬತೀನಿ. ಮಗಳು ಒಪ್ಪ್ಯಾಳ, ಅಳಿಯ ಒಪ್ಪ್ಯಾನ, ಬೀಗಿತಿ ಹೂಂ ಅಂದಿಲ್ಲ, ಊಂಹೂಂ ಅಂತನೂ ಅಂದಿಲ್ಲ. ಅಳಿಯನ ಸ್ವಾದರತ್ತಿ ಒಬ್ಬಾಕಿದು ಅಂಜಿಕಿ. ನೀ ಮೊದಲ ಉಡಿ ತುಂಬು. ಆಮ್ಯಾಲ ತಟ್ಟಿ ಕೆಳಗ ಇಡಬ್ಯಾಡ. ಉಳಿದ ಮೂವರದು ಮುಗಿಯೂತನಕ ಹಿಡಕೊಂಡು ನಿಂತು, ಐದನೇದಾಕಿ ನಾನು, ನನ್ನ ಮುಂದ ಹಿಡಿ. ಅಷ್ಟ ನಿನ್ನ ಕೆಲಸ.”

ತಟ್ಟೆ ಹಿಡಿಯುವುದೊಂದು ಕೆಲಸವೇ ಎಂದು ಕೇಳಬಹುದು. ಅಂಥ ಸಭೆಯಲ್ಲಿ ಅದೇ ಕೆಲಸ. ತಟ್ಟೆ ಯಾರ ಕೈಯಲ್ಲಿರುವುದೋ ಅವರು ಯಾರ ಕಡೆಗೆ ತಿರುಗುವರೋ ಅವರ ಸರದಿ ಎಂದಾಗುತ್ತದೆ. ಮಾತಿಲ್ಲ, ವಾದವಿಲ್ಲ, ಒಮ್ಮೆ ತಟ್ಟೆ ಆಕೆಯ ಮುಂದೆ ಬಂದ ಮೇಲೆ ಹಾಡುವ ಹೆಂಗಸರೂ ಹಾಡು ನಿಲ್ಲಿಸಲಾರರು. ಗೆಳತಿ ಎಲ್ಲವನ್ನೂ ಯೋಚಿಸಿದ್ದಳು. ನಾವು ಸಂತೋಷದಿಂದ ಒಪ್ಪಿದೆವು. ಹಿಂದಿನ ದಿನ ಶನಿವಾರ ಮಧ್ಯಾಹ್ನವೇ ಬೈಲಹೊಂಗಲಕ್ಕೆ ಬಂದು ಬುತ್ತಿಗೆ ಕೈಹಚ್ಚುವೆವೆಂದೂ, ಐವತ್ತೊಂದು ಶೇಂಗಾ ಹೋಳಿಗೆ ನಮ್ಮ ಪಾಲಿನವೆಂದೂ, ಭಾನುವಾರ ಬೆಳಿಗ್ಗೆ ಕೂಡಿಯೇ ಮಗಳ ಊರಿಗೆ ಹೋಗುವೆವೆಂದೂ ಮಾತಾಯಿತು.

ಇನ್ನು ನಾವು ಹೋಗದೆ ಉಳಿದುದರ ಕಾರಣ. ಇದನ್ನು ಬರೆಯುವಾಗ ಇಂದಿಗೂ ಲೇಖನಿ ಹಿಂಜರಿಯುತ್ತದೆ.

ಆ ಬುಧವಾರ ನಮ್ಮ ಕಿರಿಯ ಮಗಳಿಗೆ ಒಂದು ಸಂಬಂಧದ ಮಾತು ಬಂದಿತು. ಒಳ್ಳೆಯ ಮನೆತನ, ಹುಡುಗನಿಗೆ ನೌಕರಿ. ಅವರ ಹತ್ತಿರದ ಬಳಗದವರು ಗೆಳತಿಯ ಮಗಳನ್ನು ಕೊಟ್ಟ ಊರಿನಲ್ಲಿಯೇ, ಅದೇ ಓಣಿಯಲ್ಲಿಯೇ ಇರುವರೆಂದು ತಿಳಿಯಿತು. ಎಂದಮೇಲೆ ಭಾನುವಾರದ ಕುಬಸಕ್ಕೆ ಅವರೂ ಬರುವವರೇ. ನಮ್ಮ ಅತ್ತೆಯವರು ಊಟಕ್ಕೆ ಕುಳಿತಾಗ ಒಂದು ಮಾತು ಆಡಿದರು: “ಹೊಸಾ ಮಂದಿ ಎದುರು ಮುಂದಾಗಿ ನಿಂದರೂದು ಯಾಕ ಬೇಕವಾ ಈಗ?” ಅಷ್ಟೇ. ಎಂಬತ್ತೆರಡು ವರ್ಷದ ಹಿರಿಯರು ಆಡಿದ ಒಂದು ಮಾತು. ಮತ್ತೆ ಅವರು ಆ ವಿಷಯ ಎತ್ತಲಿಲ್ಲ. ಆದರೆ ಆ ಮಾತು ನಮಗೆ ಬೇಕಾಗಿದ್ದಂತೆ ಬಂದಿತೆಂಬುದು ಸತ್ಯ. ಬುಧವಾರ ರಾತ್ರಿಯೇ ನಾವು ಒಳಗೊಳಗೆ ಹೋಗದಿರಲು ನಿಶ್ಚಯಿಸಿದ್ದೆವು. ಆ ನಿಶ್ಚಯವನ್ನು ನಮಗೆ ನಾವೇ ಹೇಳಿಕೊಂಡಿರಲಿಲ್ಲ, ಅಷ್ಟೆ. ಗುರುವಾರ ಶೇಂಗಾ ಹುರಿದು, ಸಿಪ್ಪೆ ತೆಗೆದು, ಬೆಲ್ಲ ಕೂಡಿಸಿ ಹೂರಣ ಮಾಡಿ ಡಬ್ಬಿಯಲ್ಲಿ ತುಂಬಿಟ್ಟೆವು. ಹೋಗಲಾರದವರು ಹೂರಣವನ್ನೇಕೆ ಮಾಡಿದಿರೆಂದು ಕೇಳಿದರೆ ಉತ್ತರವಿಲ್ಲ.

ಶನಿವಾರ ಮುಂಜಾನೆ ನಮ್ಮ ಯಜಮಾನರಿಗೆ ಮೈ ಬೆಚ್ಚಗಾಯಿತು. ಜ್ವರ ನೂರು ಡಿಗ್ರಿ. ನೋಡಿ ನಮಗೆ ಒಳಗೆ ಸಮಾಧಾನವಾಯಿತು! ಗಂಡನ ಜ್ವರ ಕಂಡು ಸಮಾಧಾನಪಟ್ಟ ಹೆಣ್ಣುಮಗಳು ನಮ್ಮನ್ನು ಬಿಟ್ಟರೆ ಮತ್ತೊಬ್ಬಳಿರಲಾರಳು. ಅವರು ಒಂದು ಗುಳಿಗೆ ನುಂಗಿ ಮಲಗಿದರು. “ನೀ ಹೋಗಿ ಬಾ, ನನಗೇನಾಗಿಲ್ಲ” ಎಂದು ಎರಡು ಸಲ ಹೇಳಿದರು. ನಾವು ಹಣೆಗೆ ಒದ್ದೆ ಬಟ್ಟೆ ಹಾಕುತ್ತ ಕುಳಿತೆವು. ಮಧ್ಯಾಹ್ನದ ಬಸ್ಸಿನ ಹೊತ್ತು ಹೋಯಿತು, ಸಂಜೆಯದೂ ಹೋಯಿತು. ಗೆಳತಿಯ ಫೋನು ಮೂರು ಸಲ ಬಂದಿತು, ಎತ್ತಲಿಲ್ಲ. ರಾತ್ರಿ ಒಂಬತ್ತಕ್ಕೆ ಯಜಮಾನರಿಗೆ ಜ್ವರವೆಂದೂ ಬರಲಾಗುವುದಿಲ್ಲವೆಂದೂ ಮಗನ ಕೈಯಲ್ಲಿ ಸುದ್ದಿ ಕಳಿಸಿದೆವು. ಮರುದಿನ ಹತ್ತು ಗಂಟೆಗೆ ಯಜಮಾನರು ಸ್ನಾನ ಮಾಡಿ ಅಂಗಡಿಗೆ ಹೋದರು.

ಸೋಮವಾರ ನಾವೇ ಫೋನು ಮಾಡಿದೆವು. ಜ್ವರದ ವರ್ಣನೆ ಬಹಳವಾಯಿತೆಂದು ಮಾತನಾಡುವಾಗಲೇ ನಮಗೆ ತಿಳಿಯುತ್ತಿತ್ತು. ಆಕೆ “ಇರಲಿ ಬಿಡು” ಎಂದಳು. ನಮ್ಮ ಕಡೆ ಈ ಎರಡು ಮಾತುಗಳಿಗೆ ಎರಡು ಅರ್ಥಗಳಿವೆ. ತಪ್ಪನ್ನು ಮನ್ನಿಸಿದವರೂ ಇರಲಿ ಬಿಡು ಎನ್ನುತ್ತಾರೆ, ನಮ್ಮನ್ನೇ ಬಿಟ್ಟವರೂ ಹಾಗೆಯೇ ಎನ್ನುತ್ತಾರೆ. ಮೊದಲಿನವರು ಅದರ ಹಿಂದೆ ಮತ್ತೇನಾದರೂ ಕೇಳುತ್ತಾರೆ, ಊಟವಾಯಿತೇ, ಮಕ್ಕಳು ಹೇಗಿದ್ದಾರೆ ಎಂದು. ಆಕೆ ಏನನ್ನೂ ಕೇಳಲಿಲ್ಲ. ಜ್ವರ ಇಳಿಯಿತೇ ಎಂದು ಸಹ ಕೇಳಲಿಲ್ಲ. ಆಗಲೇ ನಮಗೆ ಎದೆ ಝಲ್ಲೆಂದಿತು.

ನಡೆದುದೇನೆಂದು ವಾರದ ಮೇಲೆ, ಅಂದು ಅಲ್ಲಿದ್ದ ಮತ್ತೊಬ್ಬ ಗೆಳತಿಯಿಂದ ತಿಳಿಯಿತು. ನಾವಿಲ್ಲದ್ದರಿಂದ ತಟ್ಟೆ ಅಳಿಯನ ಸೋದರತ್ತೆಯವರ ಕೈಗೆ ಹೋಯಿತಂತೆ. ನಾಲ್ವರು ಉಡಿ ತುಂಬಿದರು. ಐದನೆಯ ಸರದಿಗೆ ನಮ್ಮ ಗೆಳತಿ ಒಂದು ಹೆಜ್ಜೆ ಮುಂದಿಟ್ಟಳಂತೆ. ತಟ್ಟೆ ಅತ್ತ ತಿರುಗಿ ಓಣಿಯ ಯಾರೋ ಒಬ್ಬರ ಮುಂದೆ ನಿಂತಿತಂತೆ. ಯಾರೂ ಒಂದು ಕೆಟ್ಟ ಮಾತನ್ನಾಡಲಿಲ್ಲ. ಹಸೆಯ ಮೇಲಿದ್ದ ಮಗಳು ತಲೆಯೆತ್ತಿ ತಾಯಿಯನ್ನು ನೋಡಿದಳು. ತಾಯಿ ಮುಂದಿಟ್ಟ ಹೆಜ್ಜೆಯನ್ನು ಹಿಂದಕ್ಕೆ ತೆಗೆದುಕೊಂಡು ಅಡಿಗೆಮನೆಯ ಬಾಗಿಲಿಗೆ ಹೋಗಿ ನಿಂತಳು. ಬುತ್ತಿಯ ಗಂಟನ್ನು ಬಿಚ್ಚಿ ಎಲ್ಲರಿಗೂ ನಗುನಗುತ್ತ ಬಡಿಸಿದಳಂತೆ. ಶೇಂಗಾ ಹೋಳಿಗೆ ಮಾತ್ರ ಇರಲಿಲ್ಲ.

ಜಾತಿ, ಜನನ, ಮರಣ, ರಜಸ್ಸು, ಉಚ್ಛಿಷ್ಟ ಎಂಬ ಐದು ಸೂತಕಗಳೂ ಶರಣರಿಗೆ ಇಲ್ಲವೆಂಬ ಮಾತನ್ನು ಪ್ರತಿ ಶ್ರಾವಣದ ಪ್ರವಚನದಲ್ಲಿ ಕೇಳಿ ತಲೆದೂಗಿ ಮನೆಗೆ ಬರುವವರು ನಾವು. ಅದನ್ನೇ ಮಕ್ಕಳಿಗೆ ಪಾಠವಾಗಿಯೂ ಹೇಳಿದವರು. ಇದಕ್ಕಿಂತ ಹೆಚ್ಚು ಇಲ್ಲಿ ಬರೆಯಲಾರೆವು.

ಅಂದಿನ ರಾತ್ರಿಯೇ ಪತ್ರಕ್ಕೆ ಕುಳಿತೆವು. ಮತ್ತೆ ಫೋನು ಮಾಡಬಹುದಿತ್ತು. ಆದರೆ ಫೋನಿನಲ್ಲಿ ಎದುರಿನವರು ಕೂಡಲೇ ಏನಾದರೊಂದು ಉತ್ತರ ಕೊಡಬೇಕಾಗುತ್ತದೆ. ಆಕೆ ಮತ್ತೆ “ಇರಲಿ ಬಿಡು” ಎನ್ನುವಳು, ನಾವು ಅದನ್ನೇ ಕ್ಷಮೆಯೆಂದು ಹಿಡಿದುಕೊಂಡು ಹಗುರಾಗಿಬಿಡುವೆವು. ಪತ್ರವಾದರೆ ಆಕೆ ಓದಬಹುದು, ಓದದೆ ಇಡಬಹುದು, ಹರಿದು ಒಲೆಗೆ ಹಾಕಬಹುದು. ಆ ಸ್ವಾತಂತ್ರ್ಯ ಆಕೆಗಿರಬೇಕೆನಿಸಿತು.

ಮೊದಲನೆಯ ಪತ್ರ ನಾಲ್ಕು ಪುಟವಾಯಿತು. ಅದರಲ್ಲಿ ಮೂರು ಪುಟ ಜ್ವರ. ಎಷ್ಟು ಹೊತ್ತಿಗೆ ಏರಿತು, ಯಾವ ಗುಳಿಗೆ ಕೊಟ್ಟೆವು, ಹೂರಣ ಹೇಗೆ ಡಬ್ಬಿಯಲ್ಲಿಯೇ ಉಳಿಯಿತು ಎಂಬುದೆಲ್ಲ. ಕಡೆಗೆ, “ನಮ್ಮಿಂದ ಏನಾದರೂ ತಪ್ಪಾಗಿದ್ದರೆ ಮನಸ್ಸಿನಲ್ಲಿ ಇಟ್ಟುಕೊಳ್ಳಬೇಡ” ಎಂದು ಮುಗಿಸಿದ್ದೆವು. ಮರುದಿನ ಬೆಳಿಗ್ಗೆ ಓದಿದಾಗ ಶಾಲೆಯ ಮಾಸ್ತರಿಕೆ ಎಚ್ಚೆತ್ತಿತು. ಕೆಂಪು ಶಾಯಿಯಿಂದ ಗುರುತು ಹಾಕುತ್ತ ಹೋದೆವು. ಎಲ್ಲಿ ನೋಡಿದರೂ “ಆಗಲಿಲ್ಲ.” ಬರಲಾಗಲಿಲ್ಲ, ತಿಳಿಸಲಾಗಲಿಲ್ಲ, ಫೋನು ಎತ್ತಲಾಗಲಿಲ್ಲ. ಕನ್ನಡದಲ್ಲಿ ಇದೊಂದು ಅನುಕೂಲವಿದೆ. “ನಾನು ಬರಲಿಲ್ಲ” ಎಂದರೆ ಕರ್ತೃ ನಾನು. “ನನಗೆ ಬರಲಾಗಲಿಲ್ಲ” ಎಂದೊಡನೆ ಕರ್ತೃವೇ ಇಲ್ಲ. ನನಗೂ ಆ ಕ್ರಿಯೆಗೂ ನಡುವೆ ಯಾವುದೋ ಕಾಣದ ಕೈ ಬಂದು ಕುಳಿತಿತು. “ತಪ್ಪು ಮಾಡಿದೆ” ಎನ್ನುವಲ್ಲಿ “ತಪ್ಪಾಯಿತು” ಎನ್ನುವುದೂ ಹಾಗೆಯೇ, ಮಳೆಯಾಯಿತು ಎಂದಂತೆ. ನಿಜವಾಗಿ ಬರಲಾಗದವರಿಗೆ ಆ ಮಾತು ಸಲ್ಲುತ್ತದೆ. ನಮಗೆ ಬರಲು ಆಗುತ್ತಿತ್ತು. ಇನ್ನು “ತಪ್ಪಾಗಿದ್ದರೆ” ಎಂಬುದಂತೂ ತಪ್ಪು ಆಗಿದೆಯೋ ಇಲ್ಲವೋ ನೀನೇ ಹುಡುಕಿಕೋ ಎಂದು ನೊಂದವಳ ಮೇಲೆಯೇ ಕೆಲಸ ಹೊರಿಸಿದಂತೆ.

ಮತ್ತೊಂದು ಸಂಗತಿಯೂ ಕಣ್ಣಿಗೆ ಬಿದ್ದಿತು. ನಾಲ್ಕೂ ಪುಟಗಳಲ್ಲಿ “ನಾವು” ಎಂದೇ ಬರೆದಿದ್ದೆವು. ಈ ಲೇಖನದಲ್ಲಿ ಬರಹದ ರೂಢಿಯಂತೆ ನಾವು ಎಂದು ಬರೆಯುತ್ತಿರುವುದು ಸರಿಯೇ. ಆದರೆ ಆಕೆಯೊಡನೆ ನಲವತ್ತು ವರ್ಷಗಳಿಂದ ನಾನು, ನೀನು ಎಂದೇ ಮಾತನಾಡಿದವರು ಈಗ ನಾವು ಎಂದರೆ, ಗಂಡ, ಅತ್ತೆ, ಮಕ್ಕಳು ಇಡೀ ಮನೆಯನ್ನೇ ಮುಂದೆ ನಿಲ್ಲಿಸಿ ಅವರ ಬೆನ್ನ ಹಿಂದೆ ಅಡಗಿದಂತಾಯಿತು. ಆ ಪತ್ರ ಹರಿದೆವು.

ಎರಡನೆಯದರಲ್ಲಿ ಜ್ವರವಿರಲಿಲ್ಲ. ಸಂಬಂಧದ ಮಾತು ಬಂದುದನ್ನೂ ಅತ್ತೆಯವರು ಅಂದುದನ್ನೂ ಬರೆದೆವು. ಸತ್ಯವನ್ನೇ ಬರೆದೆವೆಂಬ ತೃಪ್ತಿ ಆಯಿತು. ಮಗಳ ವಿಷಯ ಬಂದುದರಿಂದ ಆಕೆಗೆ ತೋರಿಸದೆ ಕಳಿಸುವುದು ತರವಲ್ಲವೆಂದು ತೋರಿಸಿದೆವು. ಓದಿ ಬಹಳ ಹೊತ್ತು ಸುಮ್ಮನಿದ್ದಳು. ಆಮೇಲೆ, “ಅವ್ವಾ, ಅಜ್ಜಿ ನಿನ್ನ ಕೈ ಹಿಡದು ಕುಂದರಿಸಿದ್ದಳೇನು?” ಎಂದಳು. ಇಲ್ಲವೆಂದೆವು. “ನನ್ನ ಸಂಬಂಧದ ಸಲುವಾಗಿ ಅಂಜಿದಿ. ನನ್ನನ್ನ ಒಂದು ಮಾತು ಕೇಳಿದ್ದೇನು?” ಎಂದಳು. ಅದಕ್ಕೂ ಇಲ್ಲವೆನ್ನಬೇಕಾಯಿತು. ಕೇಳಿದ್ದರೆ ಆಕೆ ಏನೆನ್ನುತ್ತಿದ್ದಳೆಂಬುದು ಆಕೆಯ ಮುಖದ ಮೇಲೆಯೇ ಇತ್ತು. ಆ ಸಂಬಂಧ ಮುಂದೆ ಏನಾಯಿತೆಂಬುದು ಈ ಬರಹದ ವಿಷಯವಲ್ಲ. ಪತ್ರದಲ್ಲಿ ತನ್ನ ಸಂಬಂಧದ ಮಾತು ಬರೆಯಲು ಒಪ್ಪಿದಳು. ಅಜ್ಜಿಯ ಮಾತನ್ನು ಅಳಿಸೆಂದಳು. ಅತ್ತೆಯವರಿಗೂ ನಮ್ಮ ಗೆಳತಿಗೂ ನಾಳೆ ಮುಖ ನೋಡುವುದಿದೆಯಲ್ಲ. ನಮ್ಮ ತಪ್ಪನ್ನು ಹಂಚಿ ಹಗುರ ಮಾಡಿಕೊಳ್ಳಲು ಹೋಗಿ ಹೊಸದೊಂದು ಮುನಿಸನ್ನು ಹುಟ್ಟುಹಾಕುವವರಿದ್ದೆವು.

ಮೂರನೆಯದನ್ನು ನಡುರಾತ್ರಿಯಲ್ಲಿ ಅಳುತ್ತ ಬರೆದೆವು. ಪಾಪಿ, ದ್ರೋಹಿ, ನಿನ್ನ ಮುಖ ನೋಡಲು ಯೋಗ್ಯಳಲ್ಲ, ಹೀಗೆ ಪುಟ ತುಂಬ. ಇಂಥ ಪತ್ರ ಬಂದರೆ ಓದಿದವರು ಏನು ಮಾಡಬೇಕು? ಪಾಪ, ಅಳಬೇಡವೆಂದು ಸಂತೈಸಬೇಕು. ಗೆಳತಿಯ ಸ್ವಭಾವ ನಮಗೆ ಗೊತ್ತು. ತನ್ನ ದುಃಖ ಬದಿಗಿಟ್ಟು ಮುಂದಿನ ಬಸ್ಸಿಗೇ ಬಂದು ನಮ್ಮ ಕಣ್ಣೊರೆಸುತ್ತಿದ್ದಳು. ಬಡಿಸಿದವಳ ಕೈಯಲ್ಲಿಯೇ ಮತ್ತೆ ಬಡಿಸಿಕೊಂಡಂತೆ ಆಗುತ್ತಿತ್ತು. ಅದನ್ನೂ ಹರಿದೆವು.

ಈ ನಡುವೆ ಮತ್ತೊಂದು ಆಲೋಚನೆ ಬಂದಿತ್ತು. ಕುಬಸಕ್ಕೆಂದು ತಂದಿಟ್ಟಿದ್ದ ಹಸಿರು ಇಳಕಲ್ ಸೀರೆ, ಗುಳೇದಗುಡ್ಡದ ಖಣ ಎರಡೂ ಹಾಗೆಯೇ ಇದ್ದವು. ಪತ್ರದ ಜೊತೆ ಕಳಿಸೋಣವೆಂದು ಕಟ್ಟಿಯೂ ಆಗಿತ್ತು. ನಮ್ಮ ಯಜಮಾನರು ಗಂಟನ್ನು ನೋಡಿ, “ಇದೇನು, ದಂಡ ತುಂಬುವುದೋ?” ಎಂದರು. ಅವರು ಹಗುರಾಗಿ ಅಂದ ಮಾತು. ಆದರೆ ಸೀರೆಯನ್ನು ಮುಟ್ಟಿಸಿಕೊಂಡವರು ಕೊಟ್ಟವರ ಮೇಲೆ ಸಿಟ್ಟಾಗಿರುವುದು ಕಷ್ಟ. ಆಕೆಯ ಸಿಟ್ಟಿಗೆ ಇನ್ನೂ ಕಾಲ ಬೇಕಾಗಿರಬಹುದು. ಗಂಟನ್ನು ಬಿಚ್ಚಿ ಟ್ರಂಕಿನಲ್ಲಿಟ್ಟೆವು. ಹೂರಣವನ್ನು ಮಾತ್ರ ಅಷ್ಟರಲ್ಲಿ ಮನೆಯವರೇ ತಿಂದು ಮುಗಿಸಿದ್ದರು. ನಾವು ಬಾಯಿಗೆ ಹಾಕಲಿಲ್ಲ.

ನಾಲ್ಕನೆಯ ಪತ್ರ ಒಂದೇ ಹಾಳೆಯಲ್ಲಿ ಮುಗಿಯಿತು. ಆಕೆಯ ಹೆಸರನ್ನು ಬಿಟ್ಟು ಉಳಿದುದನ್ನು ಇದ್ದಂತೆಯೇ ಕೊಡುತ್ತೇವೆ.

“ಗೆಳತಿಗೆ ಶರಣು ಶರಣಾರ್ಥಿ.

ನಿನ್ನ ಮಗಳ ಕುಬಸಕ್ಕೆ ನಾನು ಬರಲಿಲ್ಲ. ಬರುತ್ತೇನೆಂದು ಮಾತು ಕೊಟ್ಟಿದ್ದೆ. ನೀನು ನನ್ನನ್ನು ಕರೆದುದು ಊಟಕ್ಕಲ್ಲ, ತಟ್ಟೆ ಹಿಡಿದು ನಿನ್ನ ಪಕ್ಕ ನಿಲ್ಲುವುದಕ್ಕೆ ಎಂಬುದು ನನಗೆ ಗೊತ್ತಿತ್ತು.

ಫೋನಿನಲ್ಲಿ ಜ್ವರದ ಮಾತು ಹೇಳಿದೆ. ಜ್ವರ ಬಂದದ್ದು ನಿಜ. ಅದಕ್ಕಾಗಿ ನಾನು ಉಳಿದೆನೆಂಬುದು ಸುಳ್ಳು. ನನ್ನ ಮಗಳ ಸಂಬಂಧದ ಮಾತು ಆ ಓಣಿಯವರ ಬಳಗದಲ್ಲಿ ನಡೆದಿತ್ತು. ಅವರ ಕಣ್ಣೆದುರು ನಿನ್ನ ಕಡೆಯಾಗಿ ನಿಲ್ಲಲು ಹೆದರಿದೆ. ನನ್ನನ್ನು ಯಾರೂ ತಡೆಯಲಿಲ್ಲ. ಮಗಳಿಗೂ ಇದು ಗೊತ್ತಿರಲಿಲ್ಲ.

ಬುಧವಾರವೇ ನನ್ನ ಮನಸ್ಸು ಹಿಂದೆ ಸರಿದಿತ್ತು. ಅಂದೇ ಹೇಳಿದ್ದರೆ ನೀನು ಬೇರೊಬ್ಬರನ್ನು ಗೊತ್ತುಮಾಡಿಕೊಳ್ಳುತ್ತಿದ್ದೆ. ನಿನಗೆ ಮೂರು ದಿನಗಳ ಅವಕಾಶವಿತ್ತು, ಅದನ್ನು ನಾನು ಕಳೆದೆ. ಶನಿವಾರ ನೀನು ಮೂರು ಸಲ ಫೋನು ಮಾಡಿದಾಗ ಅದು ನನ್ನ ಮುಂದೆಯೇ ಇತ್ತು. ಬರದೆ ಉಳಿದದ್ದಕ್ಕಿಂತಲೂ ಇದು ದೊಡ್ಡದೆಂದು ನನಗೆ ಅನ್ನಿಸುತ್ತದೆ.

ಅಂದು ತಟ್ಟೆ ನಿನ್ನ ಮುಂದೆ ಬರಲಿಲ್ಲವೆಂದು ಕೇಳಿದೆ. ನೀನು ಅಡಿಗೆಮನೆಯ ಬಾಗಿಲಲ್ಲಿ ನಿಂತೆಯೆಂದೂ ಕೇಳಿದೆ. ಮೊದಲ ಕುಬಸ ಮತ್ತೆ ಬರುವುದಿಲ್ಲ. ನಿನ್ನ ಮಗಳು ಅಂದು ತಲೆಯೆತ್ತಿ ನೋಡಿದ್ದನ್ನು ಯಾವುದರಿಂದಲೂ ನಾನು ತುಂಬಿಕೊಡಲಾರೆ.

ನಾನು ತಪ್ಪು ಮಾಡಿದೆ. ಇದಕ್ಕೆ ನೀನು ಉತ್ತರ ಬರೆಯಬೇಕೆಂದಿಲ್ಲ. ನಾನಾಗಿ ಬಂದು ನಿನ್ನ ಬಾಗಿಲಲ್ಲಿ ನಿಂತು ನಿನ್ನನ್ನು ಇಕ್ಕಟ್ಟಿಗೆ ತರುವುದಿಲ್ಲ. ಮಗಳ ಹೆರಿಗೆಯ ದಿನಗಳಲ್ಲಿ ರಾತ್ರಿ ಕೂರಲು, ನೀರು ಕಾಯಿಸಲು, ಬಾಣಂತಿಯ ಅಡಿಗೆಗೆ ಒಬ್ಬರು ಬೇಕೆನಿಸಿದರೆ ಹೇಳಿ ಕಳಿಸು. ಬೇಡವೆನಿಸಿದರೆ ಸುಮ್ಮನಿರು. ನಿನ್ನ ಮಗಳಿಗೂ ಇದೇ ಮಾತನ್ನು ಬೇರೆಯಾಗಿ ಬರೆದಿದ್ದೇನೆ; ಅದನ್ನು ನಿನ್ನ ಕೈಯಿಂದಲೇ ಕೊಡುವುದೋ ಬಿಡುವುದೋ ನಿನಗೆ ಸೇರಿದ್ದು.”

ಕಾರ್ಡಿನಲ್ಲಿ ಬರೆಯುವ ಮಾತು ಇದಲ್ಲವಾದ್ದರಿಂದ ಲಕೋಟೆಯಲ್ಲಿಟ್ಟು, ಮಗಳಿಗೆ ಬರೆದ ಚಿಕ್ಕ ಚೀಟಿಯನ್ನು ಬೇರೊಂದು ಲಕೋಟೆಯಲ್ಲಿಟ್ಟು ಅದರೊಳಗೇ ಸೇರಿಸಿ, ನಾವೇ ಅಂಚೆ ಕಚೇರಿಗೆ ಹೋಗಿ ಪೆಟ್ಟಿಗೆಗೆ ಹಾಕಿ ಬಂದೆವು. ಕ್ಷಮಿಸು ಎಂಬ ಪದ ಆ ಪತ್ರದಲ್ಲಿಲ್ಲವೆಂಬುದು ಹಿಂದಿರುಗುವಾಗ ದಾರಿಯಲ್ಲಿ ನೆನಪಾಯಿತು. ಮರೆತುದಾಗಿತ್ತು. ಮೊದಲು ಗಾಬರಿಯಾಯಿತು, ಆಮೇಲೆ ಇರಲೆನಿಸಿತು. ಅದು ಬೇಡುವ ಮಾತು; ಆಕೆಯಿಂದ ಇನ್ನೂ ಏನನ್ನಾದರೂ ಬೇಡುವ ಮುಖ ನಮಗಿರಲಿಲ್ಲ.

ಹನ್ನೆರಡು ದಿನ ಯಾವ ಸುದ್ದಿಯೂ ಬರಲಿಲ್ಲ. ಆ ದಿನಗಳನ್ನು ಹೇಗೆ ಕಳೆದೆವೆಂಬುದನ್ನು ವರ್ಣಿಸುವುದು ಬೇಡ. ಫೋನಿನ ಬಳಿ ಕೈ ಹೋಗುತ್ತಿತ್ತು, ಪತ್ರ ಮುಟ್ಟಿತೇ ಎಂದು ಕೇಳಲು ಮಾತ್ರ. ಆದರೆ ಉತ್ತರ ಬೇಡವೆಂದು ಬರೆದು, ಮುಟ್ಟಿತೇ ಎಂದು ಕೇಳುವುದೂ ಉತ್ತರ ಬೇಡಿದಂತೆಯೇ. ಕೇಳಲಿಲ್ಲ. ನಮ್ಮ ಅತ್ತೆಯವರು ಏನನ್ನೋ ಗ್ರಹಿಸಿದ್ದರು. ಒಂದು ಸಂಜೆ ಎಲೆ ಅಡಿಕೆ ಕುಟ್ಟುತ್ತ, “ಆ ಹುಡುಗಿ ಬರಲೇ ಇಲ್ಲಲ್ಲ ಈ ಕಡೆ” ಎಂದರು. ಆ ಹುಡುಗಿ ಎಂದರೆ ನಮ್ಮ ಗೆಳತಿಯೇ. ಅರವತ್ತು ದಾಟಿದ ಆಕೆ ಅವರಿಗೆ ಇಂದಿಗೂ ಹುಡುಗಿ. ತುಸು ಹೊತ್ತು ಬಿಟ್ಟು ಮತ್ತೆ, “ನಾ ಅಂದದ್ದು ಕೇಳಿ ನೀ ನಿಂತಿಯೇನು?” ಎಂದು ಕೇಳಿದರು. ಇಲ್ಲ, ನಾನಾಗಿಯೇ ನಿಂತೆ ಎಂದೆವು. ಅವರು ಕುಟ್ಟುವುದನ್ನು ಮುಂದುವರಿಸಿದರು.

ಹದಿಮೂರನೆಯ ದಿನ ಒಂದು ಕಾರ್ಡು ಬಂದಿತು. ಅಂಚೆಯವರು, ನಮ್ಮ ಓಣಿಯವರು ಯಾರು ಬೇಕಾದರೂ ಓದಬಹುದಾದಂತೆ, ತೆರೆದ ಕಾರ್ಡಿನ ಮೇಲೆ ಆಕೆಯ ದುಂಡಗಿನ ಅಕ್ಷರ:

“ಪತ್ರ ಮುಟ್ಟಿತು. ಎರಡು ಸಲ ಓದಿದೆ. ಸಿಟ್ಟು ಇನ್ನೂ ಇದೆ, ಹೋದಾಗ ಹೇಳುತ್ತೇನೆ. ಮಗಳಿಗೆ ನಿನ್ನ ಚೀಟಿ ಕೊಡಲಿಲ್ಲ, ನೀನೇ ಬಾಯಿಂದ ಹೇಳು. ಬರುವ ಸೋಮವಾರ ಆಕೆಯನ್ನು ಹೆರಿಗೆಗೆ ಕರೆತರಲು ಹೋಗುತ್ತೇನೆ. ಸೋದರತ್ತೆಯವರೂ ಮನೆಯಲ್ಲಿರುತ್ತಾರೆ. ಜೊತೆಗೆ ಒಬ್ಬರು ಬೇಕು. ಬೈಲಹೊಂಗಲದಿಂದ ಒಂಬತ್ತು ಗಂಟೆಗೆ ಹೊರಡುವುದು.”

ಸೋಮವಾರ ಆರು ಗಂಟೆಗೇ ನಾವು ಧಾರವಾಡದ ಬಸ್ ನಿಲ್ದಾಣದಲ್ಲಿದ್ದೆವು. ಕೈಯಲ್ಲಿ ಡಬ್ಬಿ ಇರಲಿಲ್ಲ, ಸೀರೆಯ ಗಂಟೂ ಇರಲಿಲ್ಲ. ಬೈಲಹೊಂಗಲದಲ್ಲಿ ಇಳಿದಾಗ ಎಂಟೂ ಆಗಿರಲಿಲ್ಲ. ಆಕೆ ಮನೆಯ ಕಟ್ಟೆಯ ಮೇಲೆ ಕುಳಿತು ಉಡಿಯ ಸಾಮಾನನ್ನು ಚೀಲಕ್ಕೆ ತುಂಬುತ್ತಿದ್ದಳು. ಬಸಿರಿ ತವರಿಗೆ ಹೊರಡುವಾಗ ಉಡಿ ತುಂಬಿಯೇ ಕರೆತರಬೇಕಲ್ಲ. ನಮ್ಮನ್ನು ನೋಡಿ ಏಳಲಿಲ್ಲ, ನಗಲಿಲ್ಲ. ಐದು ಕೊಬ್ಬರಿ ಬಟ್ಟಲು ಎಣಿಸಿ ಮುಗಿಸಿದಳು. ಆಮೇಲೆ ಪಕ್ಕದಲ್ಲಿದ್ದ ಹಿತ್ತಾಳೆಯ ತಟ್ಟೆಯನ್ನು ನಮ್ಮ ಕಡೆಗೆ ಸರಿಸಿ, “ಇದನ್ನ ನೀ ಹಿಡಕೋ” ಎಂದಳು.